ನಮ್ಮ ಮುಷ್ಕರ ಅಕ್ರಮವಂತೆ, ಸಕ್ರಮ ಆಗೋದು ಯಾವಾಗ?

ನಾನು ಬಸ್ ಕಂಡಕ್ಟರ್. ಬಾಕಿ ಸಂಬಳ ಕೇಳಿ ಮುಷ್ಕರ ಮಾಡಿದ್ದಕ್ಕೆ ಮುಚ್ಚಳಿಕೆ ಬರೆದುಕೊಟ್ಟೆ. ಕೊಡದಿದ್ದರೆ ಟಿಕೆಟ್ ಮೆಷಿನ್ ಕೊಡಲ್ಲ ಅಂದರು, ಏನು ಮಾಡಲಿ?

ಟೈಪ್ ಮಾಡಿದ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. "ನಿಮ್ಮ ಕೈಯಲ್ಲೇ ಬರೀರಿ" ಅಂದರು ಸಾಹೇಬರು. ಕೌಂಟರಿಗೆ ಹಾಳೆ ಒತ್ತಿ, ನಿಂತುಕೊಂಡೇ ಬರೆದೆ. ‘ಮುಷ್ಕರದಲ್ಲಿ ಭಾಗವಹಿಸಿದ್ದು ತಪ್ಪು’ ಅಂತ. ಓದಿ ನೋಡಿ ವಾಪಸ್ ತಳ್ಳಿದರು. "ಅಕ್ರಮ ಮುಷ್ಕರ ಅಂತ ಹಾಕಿ." ಹಾಕಿದೆ. ಹಿಂದೆ ಟ್ರೈನಿಂಗಿನ ಹುಡುಗ ನಿಂತಿದ್ದ. ಅವನಿಗೆ ವೇಬಿಲ್ ತುಂಬೋದು ಕಲಿಸಿದ್ದು ನಾನು. ಅವನು ಬೇಕಂತಲೇ ಬೇರೆ ಕಡೆ ನೋಡಿದ. ಅದು ಇನ್ನೂ ಚುಚ್ಚಿತು.

ಅಕ್ರಮ ಹೇಗಾಯಿತು ಕೇಳಿ. 14 ದಿನ ಮೊದಲೇ ನೋಟಿಸ್ ಕೊಟ್ಟಿದ್ದೆವು. ನೋಟಿಸ್ ಹೋದ ಮೇಲೆ ಸಂಧಾನಾಧಿಕಾರಿ ಸಭೆ ಕರೀತಾರೆ. ಸಂಧಾನ ನಡೆಯುವಾಗ ಮುಷ್ಕರ ಮಾಡುವಂತಿಲ್ಲ, ಮುಗಿದ ಮೇಲೂ 7 ದಿನ ಮಾಡುವಂತಿಲ್ಲ. ಸಂಧಾನ ಮುರಿದರೆ ಆಡಳಿತದವರೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಲ್ಲಿ ಕೇಸ್ ಮುಗಿಯುವವರೆಗೂ ಇಲ್ಲ, ಆಮೇಲೆ ಇನ್ನೂ 60 ದಿನ ಇಲ್ಲ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳೋದೇ ಇದು. ಇಷ್ಟೂ ದಾಟಿದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಇದೆ. ಸಭೆಗೆ ಬಂದವರು ಟೀ ಕುಡಿದು "ಸರ್ಕಾರದ ಗಮನಕ್ಕೆ ತರ್ತೀವಿ" ಅಂದು ಎದ್ದು ಹೋದರು. ಅದಕ್ಕೂ ಸಂಧಾನ ಅಂತಲೇ ಹೆಸರು.

ಜನರ ಮೇಲೆ ಸಿಟ್ಟಿಲ್ಲ. ನಮ್ಮ ತಂಗಿಯೇ ಬಸ್ಸಲ್ಲಿ ಡಯಾಲಿಸಿಸ್‌ಗೆ ಹೋಗ್ತಾಳೆ. ಮುಷ್ಕರದ ದಿನ ಆಟೋದವನಿಗೆ ಕೊಟ್ಟ ದುಡ್ಡು ನನ್ನದೇ! ಇಂಥ ಹೋರಾಟಗಾರ ನಾನು.

ಐಸಿಯು, ಕರೆಂಟು, ನೀರು ನಿಂತರೆ ಜೀವ ಹೋಗುತ್ತೆ. ಅಲ್ಲಿಗೆ ಬೇರೆ ನಿಯಮ ಬೇಕು, ಒಪ್ಪಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿಯೂ ಅದನ್ನೇ ಹೇಳುತ್ತೆ. ಆದರೆ ಬಸ್ಸು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರಲ್ಲ, ಬೇಕಾದರೆ ಕನಿಷ್ಠ ಇಷ್ಟು ಬಸ್ ಓಡಿಸಿ ಅನ್ನಬಹುದು ಅನ್ನುತ್ತೆ. ಇನ್ನೊಂದು ಮಾತೂ ಇದೆ. ಮುಷ್ಕರದ ಹಕ್ಕು ಕಿತ್ತುಕೊಂಡರೆ ಅದರ ಬದಲಿಗೆ ಬೇಗ ಮುಗಿಯುವ, ಪಕ್ಷಪಾತವಿಲ್ಲದ ಪಂಚಾಯ್ತಿ ಕೊಡಬೇಕು, ಅದರ ತೀರ್ಪಿಗೆ ಎರಡೂ ಕಡೆಯವರು ತಲೆಬಾಗಬೇಕು. ನಮ್ಮಿಂದ ಕಿತ್ತುಕೊಂಡಿದ್ದಾಯ್ತು. ಕೊಟ್ಟಿದ್ದು ಎಲ್ಲಿ?

ಸಂಘ ಕಟ್ಟುವ ಹಕ್ಕು, ಸಾಮೂಹಿಕ ಚೌಕಾಸಿಯ ಹಕ್ಕು, ಇವನ್ನು ಹೇಳುವ ಅದೇ ಕಾರ್ಮಿಕ ಸಂಘಟನೆಯ 87 ಮತ್ತು 98ನೇ ಒಪ್ಪಂದಗಳನ್ನು ನಮ್ಮ ದೇಶ ಅನುಮೋದಿಸಿಯೇ ಇಲ್ಲ. 2003ರಲ್ಲಿ ತಮಿಳುನಾಡು ಸರ್ಕಾರಿ ನೌಕರರ ಕೇಸಲ್ಲಿ ಸುಪ್ರೀಂ ಕೋರ್ಟು ಮುಷ್ಕರಕ್ಕೆ ನೈತಿಕ ಹಕ್ಕೂ ಇಲ್ಲ ಅಂದುಬಿಟ್ಟಿದೆ. ಇಷ್ಟೆಲ್ಲ ಓದಿಕೊಂಡು ನಾನು ಮಾಡಿದ್ದೇನು? ಸಾಹೇಬರು ಹೇಳಿದಂತೆ ಬರೆದುಕೊಟ್ಟೆ.

ಹೋಗಲಿ ಬಿಡಿ, ನಾಳೆ ಫಸ್ಟ್ ಶಿಫ್ಟ್ ಇದೆ.

ಇಲ್ಲ, ಬಿಡಲ್ಲ. ಕಾನೂನು ಗೊತ್ತಿರುವವರು, ಯೂನಿಯನ್ನಿನವರು, ಯಾರಾದರೂ ಸರಿ, ಒಂದೇ ಒಂದು ಹೇಳಿ. ಬಾಕಿ ಸಂಬಳ ಕೇಳಿ ನಾವು ಸಕ್ರಮವಾಗಿ ಮುಷ್ಕರ ಮಾಡಬಹುದಾದ ದಿನ ಕ್ಯಾಲೆಂಡರಿನಲ್ಲಿ ಯಾವುದು?