ಜ್ವರಕ್ಕೆ ಏನ್ ಒಳ್ಳೇದ್ರಿ?

ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವುದಿಲ್ಲ. ನಮ್ಮ ಓಣಿಯ ಗೌಡ್ರನ್ನೇ ನೋಡಿ. ಜೋಳದ ಸುಳಿಯಲ್ಲಿ ಹುಳ ಕಂಡರೆ ಸಾಕು, ಎಲೆಯನ್ನು ಹುಳದ ಸಮೇತ ಕವರಿಗೆ ಹಾಕಿಕೊಂಡು ಗೊಬ್ಬರದ ಅಂಗಡಿಗೆ ಓಡುತ್ತಾರೆ. ಅಂಗಡಿಯವನು "ಬಿತ್ತಿ ಎಷ್ಟು ದಿನ ಆಯ್ತು?" ಅಂದರೆ ಉತ್ತರ ರೆಡಿ. "ಇಪ್ಪತ್ತೆರಡು ದಿನ. ಮೂರು ಎಕರೆ. ಹೋದ ಗುರುವಾರ ಒಂದ್ಸಲ ಹೊಡೆದೀನಿ, ಸಂಜೆಗೆ ಮಳೆ ಬಂತು." ಹೊಡೆದ ಔಷಧಿಯ ಖಾಲಿ ಬಾಟಲಿಯೂ ಜೊತೆಗಿರುತ್ತದೆ.

ಅದೇ ಗೌಡ್ರು ಹೋದ ವಾರ ಒಂದು ಸಂಜೆ ಮಂಡಕ್ಕಿ ಅಂಗಡಿ ಮುಂದೆ ನಿಂತು ಕೇಳಿದರು: "ಜ್ವರಕ್ಕೆ ಏನ್ ಒಳ್ಳೇದ್ರಿ?"

ಅಷ್ಟೇ ಪ್ರಶ್ನೆ. ಹಿಂದಿಲ್ಲ, ಮುಂದಿಲ್ಲ. ಮಂಡಕ್ಕಿಯವನಾದರೂ "ಖಾರ ಜಾಸ್ತಿನಾ, ಈರುಳ್ಳಿ ಹಾಕ್ಲಾ" ಅಂತ ಕೇಳುತ್ತಾನೆ. ನಾವು ಏನೂ ಕೇಳಲಿಲ್ಲ. ಅಲ್ಲಿದ್ದ ಐದು ಜನರಿಂದ ಆರು ಉತ್ತರ ಬಂತು. ಅಮೃತಬಳ್ಳಿ ಕಷಾಯ, 650ರ ಮಾತ್ರೆ, ಒಂದು ಇಂಜೆಕ್ಷನ್, ಮೈಕೈ ನೋವಿನ ಮಾತ್ರೆ, ಪರಂಗಿ ಎಲೆ ರಸ, ದೃಷ್ಟಿ ತೆಗೆಯುವುದು. ಆರರಲ್ಲಿ ಎರಡು ನನ್ನವೇ. ಯಾವುವು ಅಂತ ಹೇಳುವುದಿಲ್ಲ.

ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದ ರಿಟೈರ್ಡ್ ಸಿಸ್ಟರಮ್ಮ ತಿರುಗಿದರು.

"ಯಾರಿಗೆ ಗೌಡ್ರೇ ಜ್ವರ?"

"ಮನೇಲಿ."

"ಮನೇಲಿ ಯಾರಿಗೆ?"

"ಹುಡುಗನಿಗೆ."

ಗೌಡ್ರ ಲೆಕ್ಕದಲ್ಲಿ ನಲವತ್ತು ವರ್ಷದ ಮಗನೂ ಹುಡುಗ, ತೊಟ್ಟಿಲಲ್ಲಿರುವ ಮೊಮ್ಮಗನೂ ಹುಡುಗ. ನಮಗೆ ನಗು. ಸಿಸ್ಟರಮ್ಮ ನಗಲಿಲ್ಲ. "ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಬಂದ್ರೆ ಮನೇಲಿ ಯಾವ ಮಾತ್ರೆನೂ ಹುಡುಕಂಗಿಲ್ಲ, ರಾತ್ರಿಯಾದ್ರೂ ಆಸ್ಪತ್ರೆಗೆ ಓಡ್ಬೇಕು. ನಲವತ್ತರ ಗಂಡಸಿಗೆ ಅದೇ ಜ್ವರ ಬಂದ್ರೆ ಒಂದಿನ ನೋಡಬಹುದು. ಈಗ ಹೇಳ್ರಿ, ವಯಸ್ಸೆಷ್ಟು?"

ನಾಲ್ಕು ವರ್ಷ. ತೂಕ? ಗೌಡ್ರು ಮೇಲೆ ನೋಡಿದರು. ಹೋರಿಯ ತೂಕ ಕಣ್ಣಳತೆಯಲ್ಲೇ ಹೇಳುವವರು, ಮೊಮ್ಮಗನದು ಗೊತ್ತಿಲ್ಲ. ಮನೆಗೆ ಫೋನ್ ಮಾಡಿದ ಮೇಲೆ ಹದಿನಾಲ್ಕು ಕೆಜಿ ಅಂತ ತಿಳಿಯಿತು. "ಏನು ಕೊಟ್ಟೀರಿ?" "ಜ್ವರದ ಔಷಧಿ, ಒಂದು ಚಮಚ."

ಈ ಒಂದು ಚಮಚದ ಕಥೆ ದೊಡ್ಡದು. ಪ್ಯಾರಾಸಿಟಮಾಲ್ ಮಕ್ಕಳಿಗೆ ತೂಕದ ಲೆಕ್ಕ: ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಈ ಹುಡುಗನಿಗೆ ಒಂದು ಸಲಕ್ಕೆ 140ರಿಂದ 210. ಸಿರಪ್‌ಗಳಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100. ಡ್ರಾಪ್ಸನ್ನೇ ಸಿರಪ್ ಅಂದುಕೊಂಡು 5 ಎಂಎಲ್ ಹಾಕಿದರೆ 500 ಮಿಲಿಗ್ರಾಂ ಒಳಗೆ ಹೋಯಿತು, ಎರಡು ಪಟ್ಟಿಗಿಂತ ಜಾಸ್ತಿ. ಬಾಟಲಿ ಚಿಕ್ಕದು, ಆದ್ದರಿಂದ ಔಷಧಿ ಸೌಮ್ಯ ಅನ್ನುವುದು ನಮ್ಮ ಶಾಸ್ತ್ರ. ಗೌಡ್ರ ಮನೆಯದು 125ರ ಸಿರಪ್, ಬಚಾವ್.

"ಜ್ವರ ಬಂದು ಎಷ್ಟು ದಿನ?"

"ನಾಲ್ಕು. ಆದ್ರೆ ಬೆಳಿಗ್ಗೆಯಿಂದ ಇಲ್ಲ ಬಿಡ್ರಿ."

ನೋಡಿ, ಇಲ್ಲದ ಜ್ವರಕ್ಕೆ ಆರು ಔಷಧಿ ಹೇಳಿದ್ದೆವು! ನಾವೆಲ್ಲ "ಹಂಗಾರೆ ಆರಾಮಾಯ್ತು" ಅಂತ ಮಿರ್ಚಿಗೆ ಕೈ ಹಾಕಿದೆವು. ಸಿಸ್ಟರಮ್ಮನ ಮುಖ ಮಾತ್ರ ಆಗಲೇ ಬಿಗಿಯಾಗಿದ್ದು.

"ಹುಡುಗ ಆಡ್ತಾನಾ?" ಇಲ್ಲ, ಮಲಗೇ ಇದ್ದಾನೆ. "ಹೊಟ್ಟೆ ನೋವು?" ಬೆಳಿಗ್ಗೆಯಿಂದ ಹೊಟ್ಟೆ ಹಿಡ್ಕಂಡು ಅಳ್ತಾನೆ, ಮೂರು ಸಲ ವಾಂತಿ. "ಉಚ್ಚೆ?" ಮತ್ತೆ ಫೋನ್. ಬೆಳಿಗ್ಗೆ ಹೋಗಿದ್ದೇ ಕೊನೆ.

ಡೆಂಗ್ಯೂ ಇದ್ದರೆ ಹೆಚ್ಚು ಅಪಾಯ ಜ್ವರ ಏರಿದಾಗ ಅಲ್ಲ, ಇಳಿಯುವಾಗ. ಮೂರರಿಂದ ಏಳನೇ ದಿನದೊಳಗೆ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಬಹುದು, ಬಿಪಿ ಬೀಳಬಹುದು. ಹೊಟ್ಟೆ ನೋವು, ನಿಲ್ಲದ ವಾಂತಿ, ಮಂಕು, ಒಸಡಿನಲ್ಲಿ ರಕ್ತ ಇವು ಅದರ ಸೂಚನೆ. ಆಗ ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಭಯ ಇನ್ನೂ ಜಾಸ್ತಿ. ನಮ್ಮ ಪಟ್ಟಿಯಲ್ಲಿ ನಾಲ್ಕನೆಯದು ಅದೇ ಆಗಿತ್ತು.

"ಡೆಂಗ್ಯೂನೋ ಇನ್ನೊಂದೋ, ರಕ್ತ ನೋಡದೆ ನಾನು ಹೇಳಾಕಾಗಲ್ಲ. ಈಗಲೇ ಕರ್ಕಂಡು ಹೋಗ್ರಿ," ಅಂದರು ಸಿಸ್ಟರಮ್ಮ. ಗೌಡ್ರು ಆಟೋ ಹತ್ತಿದರು. ಹುಡುಗನಿಗೆ ಡೆಂಗ್ಯೂನೇ ಇತ್ತು. ಗ್ಲೂಕೋಸ್ ಏರಿಸಿಕೊಂಡು ಮೂರು ದಿನ ಇದ್ದು ಮನೆಗೆ ಬಂದ.

ನಿನ್ನೆ ಗೌಡ್ರು ಮತ್ತೆ ಮಂಡಕ್ಕಿ ಅಂಗಡಿಗೆ ಬಂದಿದ್ದರು. "ಸಿಸ್ಟರಮ್ಮ, ಮೊಣಕಾಲಿಗೆ ಏನ್ ಒಳ್ಳೇದ್ರಿ?"

ಸಿಸ್ಟರಮ್ಮ ಮಿರ್ಚಿ ಕೆಳಗಿಟ್ಟರು. "ಬಿತ್ತಿ ಎಷ್ಟು ವರ್ಷ ಆಯ್ತು ಗೌಡ್ರೇ?"

"ಈ ಮುಂಗಾರಿಗೆ ಅರವತ್ತೆರಡು," ಅಂದರು ಗೌಡ್ರು. "ಎಡಗಾಲು. ಯುಗಾದಿಯಿಂದ ಶುರು. ಎಣ್ಣೆ ಎರಡು ಸಲ ಹೊಡೆದೀನಿ."