ಹಬಲ್‌ನಿಂದ ನಿಲ್ದಾಣಕ್ಕೆ ದಾರಿ: ಕಥೆಗಾಗಿ ಸಿನಿಮಾ ಕಕ್ಷೆಯ ಲೆಕ್ಕ ಬಿಡಬಹುದೇ?

ಅಲ್ಫಾನ್ಸೊ ಕ್ವರಾನ್ ನಿರ್ದೇಶನದ ‘ಗ್ರಾವಿಟಿ’ ತೆರೆಕಂಡದ್ದು 2013ರಲ್ಲಿ. ಇಬ್ಬರು ಗಗನಯಾತ್ರಿಗಳು ಹಬಲ್ ದೂರದರ್ಶಕದ ರಿಪೇರಿಯಲ್ಲಿರುವಾಗ ಒಡೆದ ಉಪಗ್ರಹಗಳ ಚೂರುಗಳು ಬಂದು ಬಡಿದು ಅವರ ಶಟಲ್ ನೌಕೆ ಹಾಳಾಗುತ್ತದೆ. ಬೆನ್ನಿಗೆ ಕಟ್ಟಿಕೊಂಡ ಜೆಟ್ ಯಂತ್ರ ಒಂದೇ ಆಸರೆ. ಅದರ ಬಲದಲ್ಲಿ ಅವರು ದೂರದಲ್ಲಿ ಮಿನುಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದತ್ತ ಹೊರಡುತ್ತಾರೆ, ತಲುಪಿಯೂ ಬಿಡುತ್ತಾರೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಪ್ರಯಾಣದ ಮೇಲೆ.

ನಿಜದಲ್ಲಿ ಈ ಪ್ರಯಾಣ ಆಗದ ಮಾತು. ಹಾಗಿದ್ದರೂ ಸಿನಿಮಾ ಇಂಥದ್ದನ್ನು ತೋರಿಸಬಹುದೇ? ಕೆಳಗಿನ ಎರಡು ಬರಹಗಳಲ್ಲಿ ನಾನೇ ಎರಡೂ ಕಡೆ ನಿಂತು ವಾದಿಸಿದ್ದೇನೆ. ತಕ್ಕಡಿ ಒಂದು ಕಡೆಗೆ ವಾಲಿದ್ದರೆ ಅದಕ್ಕೆ ಕಾರಣ ಎರಡನೆಯ ಬರಹದಲ್ಲಿರುವ ಒಂದು ತ್ರಿಕೋನ.

ಪರ: ಬಿಡಬಹುದು

ಮೊದಲು ಆ ಚಿತ್ರ ಯಾವುದನ್ನು ಬಿಟ್ಟುಕೊಟ್ಟಿಲ್ಲ ಎಂಬುದನ್ನು ನೋಡೋಣ. ನಿಲ್ದಾಣದೊಳಗೆ ಬೆಂಕಿ ಬಿದ್ದಾಗ ನಾಯಕಿ ಅಗ್ನಿಶಾಮಕದ ಡಬ್ಬಿ ಹಿಡಿದು ಒತ್ತುತ್ತಾಳೆ. ಅನಿಲ ಮುಂದಕ್ಕೆ ಚಿಮ್ಮಿದ ಕ್ಷಣವೇ ಅವಳು ಹಿಂದಕ್ಕೆ ಎಸೆಯಲ್ಪಡುತ್ತಾಳೆ. ನೆಲದ ಮೇಲಾಗಿದ್ದರೆ ಕಾಲೂರಿ ತಡೆಯಬಹುದಿತ್ತು, ಅಲ್ಲಿ ಕಾಲೂರಲು ನೆಲವೆಲ್ಲಿ? ಮುಂದೆ ಚೀನಾದ ನಿಲ್ದಾಣದ ಹತ್ತಿರ ಅವಳು ಅಂಥದೇ ಡಬ್ಬಿಯನ್ನು ಎಂಜಿನ್ನಿನಂತೆ ಬಳಸುತ್ತಾಳೆ. ಮೊದಲು ಪೆಟ್ಟು ಕೊಟ್ಟದ್ದೇ ಆಮೇಲೆ ಉಪಾಯವಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಶ್ಯ ನನಗಂತೂ ತಟ್ಟನೆ ನೆನಪಾಗುವುದಿಲ್ಲ.

ಇದನ್ನು ಲೆಕ್ಕಕ್ಕೂ ಹಾಕಬಹುದು. ಡಬ್ಬಿಯಿಂದ 3 ಕೆ.ಜಿ. ಅನಿಲ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಬಂತು ಎಂದುಕೊಳ್ಳಿ, ಉಡುಪೂ ಸೇರಿ ಅವಳ ತೂಕ 150 ಕೆ.ಜಿ. ಎಂದಿರಲಿ. 300ನ್ನು 150ರಿಂದ ಭಾಗಿಸಿದರೆ ಸೆಕೆಂಡಿಗೆ 2 ಮೀಟರ್, ಅಂದರೆ ಬಿರುಸಾಗಿ ನಡೆಯುವವರ ವೇಗ. ಹತ್ತಿರದ ದೂರಕ್ಕೆ ಇಷ್ಟು ಸಾಕು. ಡಬ್ಬಿಯನ್ನು ಮೈಯ ಮಧ್ಯಕ್ಕೆ ನೇರವಾಗಿ ಹಿಡಿಯದಿದ್ದರೆ ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗಬೇಕಾಗುತ್ತದೆ. ಚಿತ್ರದಲ್ಲಿ ಅವಳ ಒದ್ದಾಟ ಇರುವುದೂ ಹಾಗೆಯೇ. ಹೊರಗೆ ನೌಕೆಗಳು ಚೂರುಚೂರಾಗುವಾಗ ಸ್ಫೋಟದ ಸದ್ದಿಲ್ಲ, ಏಕೆಂದರೆ ಸದ್ದನ್ನು ಹೊರಲು ಗಾಳಿಯಿಲ್ಲ. ಹೀಗೆ ಹತ್ತು ಕಡೆ ನಿಯಮ ಪಾಲಿಸಿದವರು ಒಂದು ಕಡೆ ಕಥೆಗಾಗಿ ಬಾಗಿದರೆ ಅದನ್ನು ಅಜ್ಞಾನ ಎನ್ನಲಾಗದು. ಅದು ಆಯ್ಕೆ.

ಚಿತ್ರದ ತಪ್ಪುಗಳೂ ವ್ಯರ್ಥವಾಗುವುದಿಲ್ಲ. ನಾಯಕಿ ಅಳುವ ದೃಶ್ಯದಲ್ಲಿ ಕಣ್ಣೀರ ಹನಿ ಕೆನ್ನೆಯಿಂದ ಕಳಚಿಕೊಂಡು ತೇಲುತ್ತ ನಮ್ಮತ್ತ ಬರುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಅದೇ 2013ರಲ್ಲಿ ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ನಿಲ್ದಾಣದಲ್ಲಿ ಕಣ್ಣಿಗೆ ನೀರು ಬಿಟ್ಟುಕೊಂಡು ತೋರಿಸಿದ್ದರು: ನೀರು ಜಾರಲೂ ಇಲ್ಲ, ತೇಲಲೂ ಇಲ್ಲ, ಲೋಳೆಯ ಉಂಡೆಯಂತೆ ಕಣ್ಣಿಗೇ ಅಂಟಿ ಕೂತಿತು. ಅದಕ್ಕೆ ಕಾರಣ ಮೇಲ್ಮೈ ಎಳೆತ. ಆ ಸಿನಿಮಾ ಹನಿ ಕಂಡವರಿಗೆ ಈ ವಿಡಿಯೊ ನೋಡುವಾಗ ಒಂದು ಪ್ರಶ್ನೆ ಕೈಯಲ್ಲಿರುತ್ತದೆ. ಚಿತ್ರ ಬಿಡುಗಡೆಯಾದಾಗ ಖಭೌತ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಟ್ವಿಟರ್‌ನಲ್ಲಿ ಅದರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಹೇಳಿದರು. ನಾಯಕಿಯ ಕೂದಲು ಯಾಕೆ ತೇಲುತ್ತಿಲ್ಲ, ಬೇರೆ ಬೇರೆ ಎತ್ತರದಲ್ಲಿರುವ ಹಬಲ್ ಮತ್ತು ನಿಲ್ದಾಣ ಒಂದಕ್ಕೊಂದು ಕಾಣುವಂತಿರುವುದು ಹೇಗೆ ಎಂದೆಲ್ಲ ಕೇಳಿದರು. ಎಷ್ಟು ಎತ್ತರದಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳದಿದ್ದ ಜನ ಅಂದು ಅದರ ಬಗ್ಗೆ ಜಗಳವಾಡಿದರು. ನಿಯಮ ಪಾಲಿಸಿದ ಚಿತ್ರವಾಗಿದ್ದರೆ ಹಬಲ್ ಹತ್ತಿರವೇ ಉಸಿರು ಮುಗಿದು ಇಪ್ಪತ್ತನೆಯ ನಿಮಿಷಕ್ಕೆ ತೆರೆ ಬೀಳುತ್ತಿತ್ತು. ಆಗ ಜಗಳವೂ ಇಲ್ಲ, ಪ್ರಶ್ನೆಯೂ ಇಲ್ಲ.

ವಿರೋಧ: ಬಿಡಬಾರದು

ಕೂದಲು, ಕಣ್ಣೀರು ಸಣ್ಣ ವಿಷಯ, ಬಿಟ್ಟುಬಿಡೋಣ. ಹಬಲ್‌ನಿಂದ ನಿಲ್ದಾಣಕ್ಕೆ ಹೋಗುವುದು ಆ ಜಾತಿಯ ತಪ್ಪಲ್ಲ.

ಹೆಚ್ಚಿನವರು ಹಿಡಿದದ್ದು ಎತ್ತರದ ವ್ಯತ್ಯಾಸವನ್ನು. ಹಬಲ್ ಸುಮಾರು 550 ಕಿ.ಮೀ. ಮೇಲಿತ್ತು, ನಿಲ್ದಾಣ ಸುಮಾರು 400 ಕಿ.ಮೀ. ಮೇಲೆ. ಆದರೆ ಅದು ಚಿಕ್ಕ ತೊಡಕು. ಅಷ್ಟು ಕೆಳಗಿಳಿಯಲು ವೇಗವನ್ನು ಸೆಕೆಂಡಿಗೆ 80 ಮೀಟರ್ ಆಚೀಚೆ ಬದಲಿಸಿದರೆ ಸಾಕು, ಶಟಲ್‌ನ ಎಂಜಿನ್ನುಗಳಿಗೆ ಅದು ಆಗುವ ಕೆಲಸ. ದೊಡ್ಡ ಗೋಡೆ ಇರುವುದು ಕಕ್ಷೆಗಳ ಓರೆಯಲ್ಲಿ.

ಭೂಮಿಯ ಸುತ್ತ ಎರಡು ಬಳೆ ತೊಡಿಸಿದ್ದೀರಿ ಎಂದುಕೊಳ್ಳಿ. ಹಬಲ್‌ನ ಬಳೆ ಸಮಭಾಜಕ ವೃತ್ತಕ್ಕೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6 ಡಿಗ್ರಿ. ಈ ಸಂಖ್ಯೆಗಳು ಎಲ್ಲಿಂದಲೋ ಉದುರಿದವಲ್ಲ. ಫ್ಲಾರಿಡಾದ ಕೆನಡಿ ಉಡಾವಣಾ ಕೇಂದ್ರ 28.5 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿಂದ ನೇರ ಪೂರ್ವಕ್ಕೆ ಹಾರಿಸಿದರೆ ಭೂಮಿಯ ತಿರುಗಾಟದ ಲಾಭ ಪೂರ್ತಿ ಸಿಗುತ್ತದೆ, ಕಕ್ಷೆಯ ಓರೆಯೂ ಅಷ್ಟೇ ಆಗುತ್ತದೆ. ಹಬಲ್ ಹೋದದ್ದು ಹಾಗೆ. ನಿಲ್ದಾಣಕ್ಕಾದರೆ ಕಝಾಕ್‌ಸ್ತಾನದ ಬೈಕನೂರ್‌ನಿಂದ ಹೊರಡುವ ರಷ್ಯಾದ ರಾಕೆಟ್‌ಗಳೂ ತಲುಪಬೇಕಿತ್ತು. ಬೈಕನೂರ್ ಇರುವುದು 46 ಡಿಗ್ರಿ ಉತ್ತರದಲ್ಲಿ. ಅಲ್ಲಿಂದ ನೇರವಾಗಿ ಅದಕ್ಕಿಂತ ಕಡಿಮೆ ಓರೆಯ ಕಕ್ಷೆಗೆ ಏರಲಾಗದು. ಹಾಗಾಗಿ ಇಬ್ಬರಿಗೂ ಎಟಕುವ 51.6 ಡಿಗ್ರಿ.

ಎರಡೂ ಬಳೆಯ ಮೇಲೆ ವೇಗ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ ಸುಮಾರು 7.6 ಕಿ.ಮೀ. ದಿಕ್ಕು ಮಾತ್ರ ಬೇರೆ. ಎರಡು ಕಕ್ಷೆಗಳು ಅತಿ ಅನುಕೂಲವಾಗಿ ಒದಗಿ ಬಂದರೂ ಅವು ಹಾಯುವ ಜಾಗದಲ್ಲಿ ನಡುವಿನ ಕೋನ 23.1 ಡಿಗ್ರಿ. ಈಗ ಪಟ್ಟಿ, ಕೋನಮಾಪಕ ತೆಗೆದುಕೊಳ್ಳಿ. ಒಂದೇ ಬಿಂದುವಿನಿಂದ 7.6 ಸೆಂ.ಮೀ. ಉದ್ದದ ಎರಡು ಗೆರೆಗಳನ್ನು 23 ಡಿಗ್ರಿ ಕೋನದಲ್ಲಿ ಎಳೆದು ತುದಿಗಳನ್ನು ಸೇರಿಸಿ. ಮೂರನೆಯ ಬಾಹು ಸುಮಾರು 3 ಸೆಂ.ಮೀ. ಬರುತ್ತದೆ. ಸೂತ್ರ ಬೇಕೆಂದರೆ:

2 × 7.6 × sin(11.55°) ≈ 3.04

ಅಂದರೆ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಹೊರಳಲು ಸೆಕೆಂಡಿಗೆ 3 ಕಿ.ಮೀ. ವೇಗ ಬೇಕು. ಕಥಾನಾಯಕ ಬೆನ್ನಿಗೆ ಕಟ್ಟಿಕೊಂಡಂಥ ಜೆಟ್ ಯಂತ್ರವನ್ನು ನಾಸಾ 1984ರಲ್ಲಿ ನಿಜವಾಗಿ ಹಾರಿಸಿತ್ತು. ಟ್ಯಾಂಕು ಬರಿದಾಗುವವರೆಗೆ ಓಡಿಸಿದರೂ ಅದು ಕೊಡುತ್ತಿದ್ದ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಬೇಕಾದದ್ದು 3,000. ಇಡೀ ಶಟಲ್ ನೌಕೆಗೇ ಕಕ್ಷೆಯಲ್ಲಿ ಇರುತ್ತಿದ್ದ ಸಾಮರ್ಥ್ಯ ಸುಮಾರು 300 ಮೀಟರ್, ಅಗತ್ಯದ ಹತ್ತನೇ ಒಂದು ಪಾಲು.

ತ್ರಿಕೋನದ ಆ ಮೂರನೆಯ ಬಾಹುವಿಗೆ ಇನ್ನೊಂದು ಅರ್ಥವೂ ಇದೆ. ಹಬಲ್ ಪಕ್ಕದಲ್ಲಿ ತೇಲುವವರು ಎತ್ತರವನ್ನು ಹೇಗೋ ಸರಿಹೊಂದಿಸಿಕೊಂಡರೂ, ನಿಲ್ದಾಣ ಅವರೆದುರು ಹಾದುಹೋಗುವುದು ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ, ಬಂದೂಕಿನ ಗುಂಡಿನ ಮೂರು ಪಟ್ಟು. ಚಿತ್ರದಲ್ಲಿ ಅವರು ಚೂರುಗಳಿಂದ ಪಾರಾಗಲು ನಿಲ್ದಾಣದತ್ತ ಓಡುತ್ತಾರೆ. ಅವರ ಮಟ್ಟಿಗೆ ಆ ನಿಲ್ದಾಣವೇ 400 ಟನ್ನಿನ ಒಂದು ಚೂರು. ಹತ್ತಿರ ಹೋಗದಿರುವುದೇ ಅಲ್ಲಿ ಬದುಕುವ ದಾರಿ.

ಸಿನಿಮಾ ಬಿಟ್ಟುಕೊಟ್ಟದ್ದು ಇದನ್ನೇ. ಕಕ್ಷೆಯಲ್ಲಿ ‘ಹತ್ತಿರ’ ಎಂದರೆ ಕಣ್ಣಿಗೆ ಕಾಣುವ ದೂರವಲ್ಲ, ಎಷ್ಟು ವೇಗ ಬದಲಿಸಬೇಕು ಎಂಬುದು. ಕಣ್ಣೆದುರು ಕಂಡದ್ದು ಕೈಗೆಟುಕದು, ಭೂಮಿಯ ಆಚೆ ಬದಿಯಲ್ಲಿದ್ದದ್ದು ಒಂದೇ ಕಕ್ಷೆಯಲ್ಲಿದ್ದರೆ ಸುಲಭವಾಗಿ ಸಿಗುತ್ತದೆ. ಗೊತ್ತಿರದ ಪ್ರೇಕ್ಷಕರಿಗೆ ಈ ತಪ್ಪು ಕೂದಲಿನಂತೆ ಕಣ್ಣಿಗೆ ಹೊಡೆಯುವುದೂ ಇಲ್ಲ. ತಪ್ಪು ಪ್ರಶ್ನೆ ಹುಟ್ಟಿಸುತ್ತದೆ ಎಂಬ ವಾದ ಕಾಣುವ ತಪ್ಪಿಗೆ ಸರಿ, ಕಾಣದ ತಪ್ಪು ತಿಳಿವಳಿಕೆಯಾಗಿಯೇ ಉಳಿದುಬಿಡುತ್ತದೆ.

ಹಗ್ಗದ ದೃಶ್ಯ ನನಗೆ ಇದಕ್ಕಿಂತ ಹೆಚ್ಚು ಕಿರಿಕಿರಿ. ನಿಲ್ದಾಣ ತಲುಪಿದ ಮೇಲೆ ನಾಯಕಿಯ ಕಾಲು ಪ್ಯಾರಾಚೂಟಿನ ಹಗ್ಗಗಳಿಗೆ ಸಿಕ್ಕಿಕೊಳ್ಳುತ್ತದೆ, ಅವಳ ಕೈಯಲ್ಲಿರುವ ಪಟ್ಟಿಯ ಆಚೆ ತುದಿಯಲ್ಲಿ ನಾಯಕ. ಇಬ್ಬರೂ ನಿಂತಾಯಿತು. ಆಮೇಲೂ ಯಾವುದೋ ಬಲ ಅವನನ್ನು ಪ್ರಪಾತಕ್ಕೆ ಎಳೆಯುತ್ತಿರುತ್ತದೆ, ಅವಳನ್ನು ಉಳಿಸಲು ಅವನು ಕೊಕ್ಕೆ ಬಿಡಿಸಿಕೊಳ್ಳುತ್ತಾನೆ. ಯಾವ ಬಲ? ನಿಲ್ದಾಣ, ಅವಳು, ಅವನು, ಮೂವರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಿದ್ದಾರೆ. ಹತ್ತು ಮೀಟರ್ ಅಂತರಕ್ಕೆ ಗುರುತ್ವದಲ್ಲಿ ಸಣ್ಣ ವ್ಯತ್ಯಾಸ ಇರುವುದು ನಿಜ. ಲೆಕ್ಕ ಹಾಕಿದರೆ 200 ಕೆ.ಜಿ.ಯ ಮನುಷ್ಯನ ಮೇಲೆ ಆ ಎಳೆತ ಹೆಚ್ಚೆಂದರೆ ನೆಲದ ಮೇಲೆ ಒಂದು ಗ್ರಾಂ ವಸ್ತುವಿನ ಭಾರದಷ್ಟು. ಹಗ್ಗ ಇನ್ನೂ ಹಿಗ್ಗುತ್ತಿತ್ತು ಎಂದು ಸಮರ್ಥಿಸುವವರಿದ್ದಾರೆ, ತೆರೆಯ ಮೇಲೆ ನನಗದು ಕಾಣಲಿಲ್ಲ. ಬೆರಳಿನಿಂದ ಮೆಲ್ಲಗೆ ಜಗ್ಗಿದ್ದರೆ ಅವನು ತೇಲಿಕೊಂಡು ಅವಳ ಬಳಿಗೇ ಬರುತ್ತಿದ್ದ. ಚಿತ್ರದ ಹೆಸರೇ ಗುರುತ್ವ, ಅದರ ಮುಖ್ಯ ಸಾವಿನಲ್ಲಿ ಗುರುತ್ವವೇ ತಪ್ಪು.

ಈ ಲೆಕ್ಕ ಬರೀ ಪುಸ್ತಕದ್ದಲ್ಲ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಶಟಲ್ ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳೂ ಜನ ಸತ್ತರು. ಏರುವಾಗಲೇ ಅದರ ರೆಕ್ಕೆಗೆ ಪೆಟ್ಟು ಬಿದ್ದಿತ್ತು. ‘ನಿಲ್ದಾಣಕ್ಕೆ ಹೋಗಿ ಇರಬಹುದಿತ್ತಲ್ಲ?’ ಎಂಬ ಪ್ರಶ್ನೆ ಆಗ ಎದ್ದದ್ದು ಸಹಜ. ಉತ್ತರ ಆ ತ್ರಿಕೋನದಲ್ಲೇ ಇದೆ: ಕೊಲಂಬಿಯಾದ ಕಕ್ಷೆ 39 ಡಿಗ್ರಿ ಓರೆಯದ್ದು, ಹೊರಳಿಕೊಳ್ಳುವಷ್ಟು ಇಂಧನ ಅದರಲ್ಲಿರಲಿಲ್ಲ.

ಅದಾದ ಮೇಲೆ ನಾಸಾ ಹಬಲ್‌ನ ಕೊನೆಯ ರಿಪೇರಿಯನ್ನೇ 2004ರಲ್ಲಿ ರದ್ದು ಮಾಡಿತು. ಬೇರೆ ಶಟಲ್‌ಗಳಿಗೆ ಏನಾದರೂ ಆದರೆ ನಿಲ್ದಾಣದಲ್ಲಿ ಆಶ್ರಯ ಸಿಗುತ್ತಿತ್ತು, ಹಬಲ್‌ಗೆ ಹೋದವರಿಗೆ ಅದಿಲ್ಲ. 2006ರಲ್ಲಿ ನಿರ್ಧಾರ ಬದಲಾಯಿತು, ಆದರೆ ಒಂದು ಷರತ್ತಿನ ಮೇಲೆ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ಹಬಲ್‌ನತ್ತ ಹೊರಟಾಗ ಪಕ್ಕದ ಉಡಾವಣಾ ಕಟ್ಟೆಯ ಮೇಲೆ ಎಂಡೆವರ್ ಸಿದ್ಧವಾಗಿ ನಿಂತಿತ್ತು. ಅಟ್ಲಾಂಟಿಸ್‌ಗೆ ಪೆಟ್ಟಾದರೆ ಎಂಡೆವರ್ ನಾಲ್ವರನ್ನು ಹೊತ್ತು ಏರಬೇಕು, ತನ್ನ ಯಾಂತ್ರಿಕ ತೋಳಿನಿಂದ ಅಟ್ಲಾಂಟಿಸ್ ಅನ್ನು ಹಿಡಿದುಕೊಳ್ಳಬೇಕು, ಒಳಗಿನ ಏಳು ಜನ ಉಡುಪು ತೊಟ್ಟು ಎರಡು ನೌಕೆಗಳ ನಡುವೆ ಕಟ್ಟಿದ ಹಗ್ಗ ಹಿಡಿದು ಈಚೆಗೆ ದಾಟಬೇಕು. ಅಷ್ಟರವರೆಗೆ ಅವರ ಉಸಿರು, ವಿದ್ಯುತ್ತು ಮೂರು ವಾರಕ್ಕೂ ಸ್ವಲ್ಪ ಹೆಚ್ಚು ಕಾಲ ಸಾಲುವಂತೆ ಲೆಕ್ಕ ಹಾಕಿ ಇಡಲಾಗಿತ್ತು.

ಕಕ್ಷೆಯ ನಿಯಮ ಪಾಲಿಸಿದರೆ ಇಪ್ಪತ್ತು ನಿಮಿಷಕ್ಕೆ ಕಥೆ ಮುಗಿಯುತ್ತದೆ ಎನ್ನುವವರ ಮುಂದೆ ನಾನು ಇಡುವುದು ಈ ಯೋಜನೆಯನ್ನು. ಅಟ್ಲಾಂಟಿಸ್ ಮೇ 24ರಂದು ಕ್ಯಾಲಿಫೋರ್ನಿಯಾದಲ್ಲಿ ಇಳಿಯಿತು. ಎಂಡೆವರ್ ಆ ಕೆಲಸಕ್ಕೆ ಏರಬೇಕಾಗಿ ಬರಲಿಲ್ಲ.