ಒತ್ತಕ್ಷರದ ಲೆಕ್ಕ

ನಮ್ಮ ಬೀದಿಯ ಸಂಘದ ಗುರುತಿನ ಚೀಟಿಗೆ ಹೆಸರುಗಳನ್ನು ಸಿದ್ಧಪಡಿಸುವ ಕೆಲಸ ನನ್ನ ತಲೆಗೆ ಬಂತು. ಹೆಸರು 20 ಅಕ್ಷರ ಮೀರಬಾರದು ಎಂದು ಮುದ್ರಣದವರ ಕಟ್ಟಪ್ಪಣೆ. ಅದಕ್ಕೇನು, ಎಕ್ಸೆಲ್ ಇದೆಯಲ್ಲ ಎಂದುಕೊಂಡು `LEN` ಹಾಕಿದೆ. ‘ಲಕ್ಷ್ಮೀನಾರಾಯಣ ಶಾಸ್ತ್ರಿ’ ಎಂಬುದಕ್ಕೆ 22 ಎಂದಿತು. (ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ಒತ್ತುಗಳನ್ನಲ್ಲ.) ಬೆರಳು ಮಡಚಿ ಎಣಿಸಿದರೆ ಆರು ಮತ್ತು ಎರಡು, ಎಂಟೇ ಅಕ್ಷರ!

ಶಾಸ್ತ್ರಿಯೊಂದನ್ನೇ ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು. ಶ, ದೀರ್ಘದ ಚಿಹ್ನೆ, ಸ, ಹಲಂತ, ತ, ಮತ್ತೊಂದು ಹಲಂತ, ರ, ಗುಡಿಸು: ಒಟ್ಟು ಎಂಟು. ಯುನಿಕೋಡ್ ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಕೊಟ್ಟಿದೆ, `LEN` ಎಣಿಸುವುದು ಆ ಸಂಖ್ಯೆಗಳನ್ನು. ‘ಸ್ತ್ರಿ’ ಒಂದೇ ಅಕ್ಷರವಾಗಿ ಕಾಣುವುದು ಫಾಂಟಿನ ಕೈಚಳಕ. ‘ರಮಣ’ ಎಂಬಂಥ ನಿರಾಡಂಬರ ಹೆಸರಿನವರಿಗೆ ಈ ತಂಟೆಯೇ ಇಲ್ಲ, ಎಲ್ಲಿ ಎಣಿಸಿದರೂ ಮೂರು.

ಉದ್ದದ ಹೆಸರುಗಳನ್ನು ಯಂತ್ರವೇ ಕತ್ತರಿಸಲಿ ಎಂದು `LEFT(A2,20)` ಹಾಕಿದ್ದು ನನ್ನ ದಡ್ಡತನ. ಇಪ್ಪತ್ತನೆಯ ಸ್ಥಾನದಲ್ಲಿದ್ದದ್ದು ಎರಡನೆಯ ಹಲಂತ. ‘ಲಕ್ಷ್ಮೀನಾರಾಯಣ ಶಾಸ್ತ್’ ಎಂದು ಹೆಸರು ಸೀನಲು ಹೊರಟು ನಿಂತಂತೆ ನಿಂತಿತು.

ಇನ್ನೊಂದು ಹಳೆಯ ಪಟ್ಟಿಯಲ್ಲಿ ಅದೇ ಹೆಸರಿಗೆ 23 ಬಂತು. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದು ಹಳೆಯ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸಿದ ಪಟ್ಟಿ. ಅದರಲ್ಲಿ ‘ಮೀ’ಯ ಗುಡಿಸು ಒಂದು, ದೀರ್ಘ ಇನ್ನೊಂದು ಎಂದು ಎರಡು ತುಂಡಾಗಿ ಕುಳಿತಿದ್ದವು. ಹೊಸ ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಚಿಹ್ನೆ.

ಕೊನೆಗೆ ನಾನೇ ಒಂದು ಲೆಕ್ಕ ಕಟ್ಟಿದೆ. ಹಲಂತಗಳು ಎಷ್ಟೆಂದು ತಿಳಿಯಲು ಹೀಗೆ:

```
=LEN(A2)-LEN(SUBSTITUTE(A2,UNICHAR(3277),""))
```

ಹಲಂತ ಒಂದಕ್ಕೆ ಎರಡರಂತೆ ಕಳೆಯಬೇಕು, ಏಕೆಂದರೆ ಅದೂ ಹೋಗುತ್ತದೆ, ಅದರ ಮುಂದಿನ ವ್ಯಂಜನವೂ ಒತ್ತಾಗಿ ಕೆಳಗಿಳಿಯುತ್ತದೆ. ಸ್ವರಚಿಹ್ನೆಗಳನ್ನು ಒಂದೊಂದೇ ಕಳೆಯಬೇಕು. ಶಾಸ್ತ್ರಿಗೆ ಎಂಟರಲ್ಲಿ ನಾಲ್ಕು, ಮತ್ತೆ ಎರಡು ಹೋದರೆ ಉಳಿದದ್ದು ಎರಡು. ಸರಿಯಾಗಿದೆ ಎಂದು ಬೀಗುವಷ್ಟರಲ್ಲಿ ‘ರಾವ್’ ಬಂತು. ನಾಲ್ಕರಲ್ಲಿ ಮೂರು ಕಳೆದು ಒಂದೇ ಉಳಿಯಿತು. ಕೊನೆಯ ಹಲಂತದ ಮುಂದೆ ಒತ್ತಾಗಲು ಯಾರೂ ಇಲ್ಲವೆಂಬುದನ್ನು ನಾನು ಮರೆತಿದ್ದೆ. ಅಲ್ಲಿ ಒಂದನ್ನಷ್ಟೇ ಕಳೆಯಬೇಕಿತ್ತು.

ತಿದ್ದಲು ಹೋದವನು ಹಾಗೇ ಕುಳಿತೆ. ಶಾಲೆಯಲ್ಲಿ ಛಂದಸ್ಸಿನ ಪಾಠ ಹೇಳಿದ ಮೇಷ್ಟ್ರು ಪದದ ಕೊನೆಯ ಅರ್ಧಾಕ್ಷರವನ್ನು ಹಿಂದಿನದಕ್ಕೆ ಸೇರಿಸಿ ಒಂದೇ ಗುರು ಹಾಕಿಸುತ್ತಿದ್ದರು. ಅವರ ಲೆಕ್ಕದಲ್ಲಿ ‘ರಾವ್’ ಒಂದೇ ಅಕ್ಷರ. ಯಂತ್ರಕ್ಕೆ ನಾಲ್ಕು, ಕಣ್ಣಿಗೆ ಎರಡು, ಮೇಷ್ಟ್ರಿಗೆ ಒಂದು. ಮುದ್ರಣದವರಿಗೆ ಎಷ್ಟು ಎಂದು ಫೋನ್ ಮಾಡಿ ಕೇಳಿದೆ. ‘ಸಾರ್, ಒಂಬತ್ತು ಸೆಂಟಿಮೀಟರ್ ಒಳಗೆ ಹಿಡಿದರೆ ಸಾಕು’ ಎಂದರು.